"ಬಿಲ್ ಜಾಸ್ತಿ ಆತು" ಅಂತ ಹೇಳಾವರು ಎಷ್ಟಕ್ಕಿಂತ ಜಾಸ್ತಿ ಅಂತನೂ ಹೇಳಬೇಕು

(1/6)
ದೋಸ್ತರ, ಇವತ್ತಿನ ಸಿಟ್ಟು ಆರೋಗ್ಯ ವಿಮೆ ಮ್ಯಾಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯವರು ದೊಡ್ಡ ಆಪರೇಷನ್ ಅಂದ್ರ ಬೆಳಗಾವಿನೋ ಧಾರವಾಡ-ಹುಬ್ಬಳ್ಳಿನೋ ಹಿಡಿತೀವಿ. ಬಿಲ್ ಕಟ್ಟಿ, ಕ್ಲೇಮ್ ಹಾಕಿ ಕುಂತರ ಒಂದು ಪತ್ರ ಬರ್ತದ: "ಸಮಂಜಸ ಮತ್ತು ರೂಢಿಯ ದರಕ್ಕಿಂತ ಹೆಚ್ಚಿನ ಮೊತ್ತ ಕಡಿತ ಮಾಡಲಾಗಿದೆ." ಮನಿಯವರು "ಕಂಪನಿ ರೂಲ್ಸ್ ಇರಬೇಕು ಬಿಡು" ಅಂತ ಸುಮ್ಮನಾಗ್ತಾರ. ಸುಮ್ಮನಾಗಬಾರದು ಅನ್ನೂದು ನನ್ನ ವಾದ. ಯಾಕ ಅಂತ ಲೆಕ್ಕ ಸಮೇತ ಹೇಳ್ತೀನಿ.

(2/6)
ಒಂದು ಬಿಲ್ ತಗೊಳ್ಳೋಣ. ಅಂಕಿ ನಾನೇ ಹಾಕಿದ್ದು, ಆದರ ಕಡಿತ ನಡಿಯೂ ರೀತಿ ಹಿಂಗ ಇರ್ತದ. ಸವದತ್ತಿ ಕಡೆಯ ರೈತರೊಬ್ಬರಿಗೆ ಪಿತ್ತಕೋಶದಾಗ ಕಲ್ಲು, ಬೆಳಗಾವಿಯೊಳಗ ಆಪರೇಷನ್. ಪಾಲಿಸಿ 3 ಲಕ್ಷದ್ದು. ರೂಮ್ ಬಾಡಿಗೆ ದಿನಕ್ಕ 1%, ಅಂದ್ರ 3,000 ರೂಪಾಯಿ ಮಿತಿ. ಅವರು ಇದ್ದದ್ದು 4,000ದ ರೂಮಿನ್ಯಾಗ, 4 ದಿನ.

ರೂಮ್ 16,000. ಡಾಕ್ಟರ್, ಅರಿವಳಿಕೆ, ಆಪರೇಷನ್ ಥಿಯೇಟರ್ ಸೇರಿ 48,000. ಔಷಧ, ಟೆಸ್ಟ್ 24,000. ಗ್ಲೌಸ್, ಮಾಸ್ಕ್, ಫೈಲ್ ಅಂತ 4,000. ಒಟ್ಟು 92,000.

ಮೊದಲನೇ ಕಡಿತ: ರೂಮಿನ ಹೆಚ್ಚಿನ 4,000. ಎರಡನೇದು: ಮಿತಿ ಮೀರಿದ ರೂಮ್ ತಗೊಂಡಿದ್ದಕ್ಕ ಡಾಕ್ಟರ್-ಥಿಯೇಟರ್ ಖರ್ಚನ್ನೂ ಮುಕ್ಕಾಲಿಗೆ ಇಳಿಸ್ತಾರ, 48,000 ಹೋಗಿ 36,000. ಮೂರನೇದು: ಗ್ಲೌಸ್-ಫೈಲಿನ 4,000. ಇವು ಮೂರೂ ಕಹಿ ಅದಾವು, ಆದರ ಪಾಲಿಸಿಯೊಳಗ ಬರದಿದ್ದರ ನಾವೂ ಕ್ಯಾಲ್ಕ್ಯುಲೇಟರ್ ಹಿಡಕೊಂಡು ತಾಳೆ ನೋಡಬಹುದು. ಔಷಧ, ಟೆಸ್ಟಿಗೆ ಈ ಮುಕ್ಕಾಲಿನ ಲೆಕ್ಕ ಹಚ್ಚೂ ಹಂಗಿಲ್ಲ, ವಿಮಾ ನಿಯಂತ್ರಣ ಪ್ರಾಧಿಕಾರ 2020ರಲ್ಲೇ ಅದನ್ನ ತಡದೈತಿ. ಐಸಿಯು ಖರ್ಚಿಗೂ ಹಂಗಿಲ್ಲ. ಹಚ್ಚಿದ್ದರ ಅಲ್ಲೇ ಹಿಡೀರಿ.

ಆಮ್ಯಾಲ ನಾಲ್ಕನೇದು. ಉಳಿದ 36,000ದಾಗ ಇನ್ನೂ 14,000 ಹಾರಿಸಿ, ಕಾರಣ: "ಸಮಂಜಸ ದರ ಅಲ್ಲ." ಕೈಗೆ ಬಂದದ್ದು 58,000. ಈ 14,000 ಎಲ್ಲಿಂದ ಬಂತು? ಪಾಲಿಸಿಯೊಳಗ ಆ ಅಂಕಿ ಇಲ್ಲ, ಪತ್ರದೊಳಗೂ ಇಲ್ಲ. ನನ್ನ ಜಗಳ ಇದರ ಜೋಡಿ.

(3/6)
"ಸಮಂಜಸ" ಅಂದ್ರ ಏನು ಅಂತ ಕಂಪನಿಗೆ ಬೇಕಾದಂಗ ಹೇಳಾಕ ಬರಂಗಿಲ್ಲ. ಪ್ರಾಧಿಕಾರವೇ ಅರ್ಥ ಕೊಟ್ಟೈತಿ, ಎಲ್ಲಾ ಪಾಲಿಸಿಯೊಳಗೂ ಅದೇ ಇರ್ತದ. ಅದರ ತಿರುಳು ಮೂರು ಮಾತು. ಆ ದರ ಆ ಆಸ್ಪತ್ರೆಯದೇ ಮಾಮೂಲಿ ದರ ಆಗಿರಬೇಕು. ಆ ಭಾಗದಾಗ ಅಂಥದೇ ಚಿಕಿತ್ಸೆಗೆ ನಡಿಯೂ ದರಕ್ಕ ಹೊಂದಿರಬೇಕು. ರೋಗ ಎಂಥಾದ್ದು ಅನ್ನೂದನ್ನೂ ಲೆಕ್ಕಕ್ಕ ಹಿಡೀಬೇಕು.

ಈಗ ಆ ಪತ್ರಕ್ಕ ಇದನ್ನ ಹಚ್ಚಿ ನೋಡ್ರಿ. ಆಸ್ಪತ್ರೆ ಎಲ್ಲರಿಗೂ ಅಷ್ಟೇ ತಗೊಳ್ಳತೈತೋ, ವಿಮೆ ಕಾರ್ಡ್ ನೋಡಿ ಏರಿಸಿತೋ? ಕಂಪನಿ ಕೇಳಿಲ್ಲ. "ಆ ಭಾಗ" ಅಂದ್ರ ಬೆಳಗಾವಿಯೋ, ಎಲ್ಲೋ ಕುಂತ ಆಫೀಸರ್ ಕಂಪ್ಯೂಟರಿನ ಸರಾಸರಿಯೋ? ಹೇಳಿಲ್ಲ. ರೋಗಿಗೆ ಸೋಂಕಾಗಿ ಆಪರೇಷನ್ ಕಠಿಣ ಆಗಿತ್ತೋ ಇಲ್ಲೋ? ನೋಡಿಲ್ಲ. ಮೂರರಾಗ ಒಂದನ್ನೂ ತೋರಿಸದೆ ಹಾಕಿದ ಕತ್ತರಿಗೆ "ಸಮಂಜಸ" ಅನ್ನೂ ಹೆಸರು ಬ್ಯಾರೆ.

(4/6)
ಎದುರು ವಾದಾನೂ ಕೇಳೋಣ. ಕಂಪನಿಯವರು ಅಂತಾರ: "ವಿಮೆ ಐತಿ ಅಂದಕೂಡಲೇ ಕೆಲವು ಆಸ್ಪತ್ರೆ ಬಿಲ್ ಉಬ್ಬಿಸ್ತಾವು. ನಾವು ಕಣ್ಣು ಮುಚ್ಚಿ ಕೊಟ್ಟರ ನಾಳೆ ಎಲ್ಲರ ಪ್ರೀಮಿಯಂ ಏರ್ತದ." ಸುಳ್ಳಲ್ಲ. ಎರಡು ದಿನದಾಗ ಮನಿಗೆ ಹೋಗೂ ರೋಗಿನ್ನ ನಾಲ್ಕು ದಿನ ಮಲಗಿಸಿದರ "ವೈದ್ಯಕೀಯ ಅಗತ್ಯ ಏನಿತ್ತು" ಅಂತ ಕೇಳೂದು ಅವರ ಹಕ್ಕು. ಚಿಕಿತ್ಸೆ ರೋಗಕ್ಕ ಬೇಕಾದಷ್ಟೇ ಇರಬೇಕು ಅಂತ ಪಾಲಿಸಿನೇ ಹೇಳ್ತದ. ಅದಕ್ಕ ಉತ್ತರ ಡಾಕ್ಟರ್ ಬರವಣಿಗೆಯೊಳಗ ಇರ್ತದ. ಡಿಸ್ಚಾರ್ಜ್ ಸಮರಿಯೊಳಗ "ಜ್ವರ ಇಳಿದಿರಲಿಲ್ಲ, ಸಕ್ಕರೆ ಹತೋಟಿಗೆ ಬಂದಿರಲಿಲ್ಲ, ಆದ್ದರಿಂದ ಇನ್ನೆರಡು ದಿನ" ಅಂತ ಇದ್ದರ ಆ ದಿನ ಅಗತ್ಯ ಆತು. ಏನೂ ಬರೀದಿದ್ದರ ಕಂಪನಿ ಕತ್ತರಿ ಹಾಕೂದು ಸಹಜ.

ಆದರ ಆಸ್ಪತ್ರೆ ಉಬ್ಬಿಸಿತು ಅಂತ ಅನುಮಾನ ಇದ್ದರ ಆಸ್ಪತ್ರೆನ್ನ ಹಿಡೀರಿ. 14,000 ಹೋಗೂದು ಯಾರ ಕಿಸೆಯಿಂದ? ಆಸ್ಪತ್ರೆ ತನ್ನ 92,000 ಎಣಿಸಿಕೊಂಡಾತು, ಕಂಪನಿ ತನ್ನದು ಉಳಿಸಿಕೊಂಡಾತು. ದರ ಹಾಕದವರು, ಚೌಕಾಶಿ ಮಾಡಾಕ ಬರದವರು, ಹೊಟ್ಟಿ ಹಿಡಕೊಂಡು ಬಂದವರು ದಂಡ ಕಟ್ಟಿದರು. ಎತ್ತಿಗೆ ಜ್ವರ ಬಂದರ ಎಮ್ಮಿಗೆ ಬರೆ ಹಾಕೂದು ಅಂದ್ರ ಇದೇ.

(5/6)
ದರ ಮೊದಲೇ ಗೊತ್ತುಮಾಡಾಕ ಆಗಂಗಿಲ್ಲೇನು? ಆಗ್ತದ. 2003ರಲ್ಲಿ ಸುರುವಾದ ಯಶಸ್ವಿನಿಯೊಳಗ ಸಹಕಾರಿ ಸಂಘದ ರೈತರ ಸಲುವಾಗಿ ಶಸ್ತ್ರಚಿಕಿತ್ಸೆಗಳ ದರ ಮೊದಲೇ ಗೊತ್ತುಮಾಡಿದ್ದರು. ಆಪರೇಷನ್ ಆದಮ್ಯಾಲ "ಇದು ಜಾಸ್ತಿ" ಅನ್ನೂ ಪಂಚಾಯತಿಗೆ ಜಾಗಾನೇ ಕಮ್ಮಿ.

ಖಾಸಗಿ ಆಸ್ಪತ್ರೆಯೊಳಗ ಆ ಅಳತೆಗೋಲು ಯಾಕಿಲ್ಲ? 2017ರಲ್ಲಿ ಸರ್ಕಾರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ತಿದ್ದಿ ದರ ಗೊತ್ತುಮಾಡಾಕ ಹೊಂಟಿತ್ತು. ನವೆಂಬರ್‌ನಾಗ ನಮ್ಮ ಬೆಳಗಾವಿ ಅಧಿವೇಶನದ ಹೊತ್ತಿನ್ಯಾಗೇ ಡಾಕ್ಟರುಗಳು ಮುಷ್ಕರ ಹೂಡಿದರು. ಕೊನೆಗೆ ಪಾಸಾದ ಕಾಯ್ದೆಯೊಳಗ ದರ ಗೊತ್ತುಮಾಡೂದು ಸರ್ಕಾರಿ ಯೋಜನೆಗಳಿಗಷ್ಟೇ ಉಳೀತು. ಅಂದ್ರ ನಾವು ಕಿಸೆಯಿಂದ ಕಟ್ಟೂ ಬಿಲ್ಲಿಗೆ ಎಲ್ಲರೂ ನೋಡೂವಂಥ ಅಳತೆಗೋಲಿಲ್ಲ. ಇರೂ ಕೋಲು ವಿಮಾ ಕಂಪನಿ ಡ್ರಾಯರಿನ್ಯಾಗ. ಅದನ್ನ ತೋರಿಸದೆ ಅಳೆದರ ನಾವು ನಂಬಬೇಕಂತ!

(6/6)
ಅದಕ್ಕ ತೋರಿಸು ಅನ್ರಿ. 2024ರ ಮೇ ಸುತ್ತೋಲೆ ಪ್ರಕಾರ ಕ್ಲೇಮ್ ಭಾಗಶಃ ಕಡಿದರೂ ಪಾಲಿಸಿಯ ಯಾವ ಷರತ್ತಿನ ಮ್ಯಾಲ ಅಂತ ಪೂರ್ತಿ ವಿವರ ಕೊಡಬೇಕು. ಕಂಪನಿಯ ದೂರು ಅಧಿಕಾರಿಗೆ ಹಿಂಗ ಬರೀರಿ: "14,000 ರೂ. ಕಡಿತಕ್ಕೆ ಹೋಲಿಸಿದ ದರ ಎಷ್ಟು, ಯಾವ ಊರಿನ, ಯಾವ ದರ್ಜೆಯ ಆಸ್ಪತ್ರೆಗಳದ್ದು? ದಯವಿಟ್ಟು ಲಿಖಿತವಾಗಿ ತಿಳಿಸಿ." ಜೋಡಿಗೆ ಆಸ್ಪತ್ರೆಯ ದರಪಟ್ಟಿ, ಅದೇ ಊರಿನ ಅಂಥದೇ ಇನ್ನೆರಡು ಆಸ್ಪತ್ರೆಗಳ ಅಂದಾಜು ಪತ್ರ, ಡಿಸ್ಚಾರ್ಜ್ ಸಮರಿ ಹಚ್ಚರಿ. ಆ ಎರಡೂ ಕಡೆ ದರ ಕಮ್ಮಿ ಬಂದರ ನಿಮ್ಮ ಜಗಳ ಆಸ್ಪತ್ರೆ ಜೋಡಿ ಅಂತ ತಿಳೀರಿ.

30 ದಿನದಾಗ ಉತ್ತರ ಬರಲಿಲ್ಲ, ಬಂದರೂ ಒಪ್ಪಿಗೆ ಆಗಲಿಲ್ಲ ಅಂದ್ರ ಬೆಂಗಳೂರಿನ ವಿಮಾ ಲೋಕಪಾಲರಿಗೆ ದೂರು. ಒಂದು ವರ್ಷದೊಳಗ ಕೊಡಬೇಕು. ಫೀ ಇಲ್ಲ, ವಕೀಲರು ಬೇಕಿಲ್ಲ. ಲೋಕಪಾಲರ ತೀರ್ಪು ಕಂಪನಿಗೆ ಕಡ್ಡಾಯ.

ಬಿಕಾಂನಾಗ ನಮಗ ಕಲಿಸೂದು ಒಂದೇ: ವೋಚರ್ ಇಲ್ಲದ ಎಂಟ್ರಿ ಒಪ್ಪಬ್ಯಾಡ್ರಿ. ಕಂಪನಿಯ ಕಡಿತಾನೂ ಒಂದು ಎಂಟ್ರಿ. ವೋಚರ್ ಎಲ್ಲೈತಿ?

ಮನಿಯೊಳಗ ಇಂಥ ಪತ್ರ ಬಂದು ಬಿದ್ದಿದ್ದರ ತಗದು ತಾರೀಖು ನೋಡ್ರಿ. ವರ್ಷ ದಾಟಿರಬಾರದು.

#ಬೈಲಹೊಂಗಲ #ಕಿತ್ತೂರು #ಸವದತ್ತಿ #ರಾಮದುರ್ಗ #ಆರೋಗ್ಯವಿಮೆ #ವೋಚರ್‌ಎಲ್ಲೈತಿ