ಬಿದ್ದದ್ದು ಬರೀ ಹೆಲ್ಮೆಟ್ಟೋ, ತಲೆಯೂ ಸೇರಿಯೋ?

ಒಂಬತ್ತನೇ ತರಗತಿಯಲ್ಲಿ ಗುರುತ್ವಾಕರ್ಷಣೆಯ ಪಾಠ ಮುಗಿಸಿ ಹೊರಬರುತ್ತಿದ್ದಾಗ ಒಬ್ಬ ಹುಡುಗಿ ಹಿಂದೆಯೇ ಬಂದಳು. ದಿನಾ ಅಪ್ಪನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತು ಶಾಲೆಗೆ ಬರುವವಳು. "ಸರ್, ನನ್ನ ಹೆಲ್ಮೆಟ್ ಸೀಟಿನ ಮೇಲಿಂದ ಕೆಳಗೆ ಬಿತ್ತು. ಒಂದು ಸಲ ಬಿದ್ದರೆ ಅದು ಮುಗೀತು, ಹೊಸದು ತಗೋಬೇಕು ಅಂತ ಅಣ್ಣ ಹೇಳ್ತಾನೆ. ಅಪ್ಪ, ಗೀರು ಬಿದ್ದರೆ ಏನಾಯ್ತು ಅಂತಾರೆ. ಯಾರು ಹೇಳೋದು ಸರಿ?"

"ಬಿದ್ದಾಗ ಅದರೊಳಗೆ ನಿನ್ನ ತಲೆ ಇತ್ತೇನಮ್ಮ?" ಎಂದೆ. ಅವಳು ನಕ್ಕುಬಿಟ್ಟಳು. ಆದರೆ ಉತ್ತರವಿರುವುದು ಆ ಪ್ರಶ್ನೆಯಲ್ಲೇ.

ಹೆಲ್ಮೆಟ್ಟಿನ ಗಟ್ಟಿ ಹೊರಚಿಪ್ಪು ತಲೆಯನ್ನು ಕಾಯುತ್ತದೆ ಎಂದು ನಾವು ತಿಳಿದಿರುತ್ತೇವೆ. ಚಿಪ್ಪು ಮಾಡುವುದು ಅರ್ಧ ಕೆಲಸ ಮಾತ್ರ. ಅದು ಪೆಟ್ಟನ್ನು ಅಗಲಕ್ಕೆ ಹಂಚುತ್ತದೆ, ಚೂಪು ಕಲ್ಲು ಒಳಹೋಗದಂತೆ ತಡೆಯುತ್ತದೆ. ಪೆಟ್ಟಿನ ಶಕ್ತಿಯನ್ನು ನುಂಗುವುದು ಅದರೊಳಗಿನ ಥರ್ಮಾಕೋಲ್ ಪದರ. ಟಿ.ವಿ. ಪೆಟ್ಟಿಗೆಯಲ್ಲಿ ಬರುವಂಥದ್ದೇ ಜಾತಿ, ಆದರೆ ಹೆಚ್ಚು ಗಟ್ಟಿ.

ಒಂದು ಲೆಕ್ಕ ಮಾಡೋಣ. ಸ್ಕೂಟರಿನಲ್ಲಿ ಕುಳಿತವರ ತಲೆ ನೆಲದಿಂದ ಸುಮಾರು 1.5 ಮೀಟರ್ ಎತ್ತರದಲ್ಲಿರುತ್ತದೆ. ಗಾಡಿ ನಿಂತಿದ್ದರೂ ಸರಿ, ಪಕ್ಕಕ್ಕೆ ಉರುಳಿದರೆ ತಲೆ ಅಷ್ಟು ಎತ್ತರದಿಂದ ಬೀಳುತ್ತದೆ. v² = 2gh ಸೂತ್ರದಲ್ಲಿ ಹಾಕಿದರೆ ನೆಲ ಮುಟ್ಟುವಾಗಿನ ವೇಗ ಸೆಕೆಂಡಿಗೆ 5.4 ಮೀಟರ್, ಎಂದರೆ ಗಂಟೆಗೆ ಹತ್ತಿರ ಹತ್ತಿರ 20 ಕಿಲೋಮೀಟರ್. "ನಾನು ನಿಧಾನವಾಗಿ ಓಡಿಸ್ತೀನಿ ಮೇಷ್ಟ್ರೇ" ಎನ್ನುವ ಪಾಲಕರು ಇದನ್ನು ಗಮನಿಸಬೇಕು. ಈ ವೇಗ ಗಾಡಿಯದಲ್ಲ, ಭೂಮಿ ಕೊಟ್ಟದ್ದು.

ಈಗ ಈ ತಲೆ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದೇ ಮುಖ್ಯ. ಬರಿತಲೆ ಡಾಂಬರಿಗೆ ಬಡಿದರೆ ಚರ್ಮ ಕುಗ್ಗುವ ನಾಲ್ಕೈದು ಮಿಲಿಮೀಟರಿನಲ್ಲೇ ನಿಲ್ಲಬೇಕು. 1.5 ಮೀಟರನ್ನು 5 ಮಿಲಿಮೀಟರಿನಿಂದ ಭಾಗಿಸಿ: 300 ಬರುತ್ತದೆ. ಗುರುತ್ವದ ಸುಮಾರು 300 ಪಟ್ಟು ತಡೆ ಮಿದುಳಿನ ಮೇಲೆ. ಥರ್ಮಾಕೋಲ್ 25 ಮಿಲಿಮೀಟರ್ ಜಜ್ಜಿಹೋಗಿ ತಲೆಯನ್ನು ನಿಲ್ಲಿಸಿದರೆ ಅದೇ ಲೆಕ್ಕ 60ಕ್ಕೆ ಇಳಿಯುತ್ತದೆ. ಇವು ಸರಾಸರಿಗಳು, ನಿಜವಾದ ಪೆಟ್ಟಿನಲ್ಲಿ ಕ್ಷಣಮಾತ್ರದ ಗರಿಷ್ಠ ಇನ್ನೂ ಹೆಚ್ಚು. ಆದರೂ ಬದುಕಿಗೂ ಸಾವಿಗೂ ನಡುವೆ ಇರುವುದು ಆ ಎರಡು ಸೆಂಟಿಮೀಟರ್ ಚಿಲ್ಲರೆಯೇ.

ಥರ್ಮಾಕೋಲ್ ಈ ಕೆಲಸವನ್ನು ಒಂದು ಜಾಗದಲ್ಲಿ ಒಂದೇ ಸಲ ಮಾಡುತ್ತದೆ. ಜಜ್ಜಿದ ಗುಳ್ಳೆಗಳು ಮತ್ತೆ ಉಬ್ಬುವುದಿಲ್ಲ. ಕೆಲವು ವರ್ಷಗಳ ಹಿಂದೆ ಜಲ್ಲಿಯ ಮೇಲೆ ಚಕ್ರ ಜಾರಿ ನಾನೇ ಬಿದ್ದಿದ್ದೆ. ತಲೆಗೆ ಏನೂ ಆಗಲಿಲ್ಲ, ಹೆಲ್ಮೆಟ್ಟಿನ ಮೇಲೆ ಅಂಗೈಯಗಲ ಗೀರು ಅಷ್ಟೆ. "ಚೆನ್ನಾಗೇ ಇದೆಯಲ್ಲ, ತಮ್ಮನ ಮಗನಿಗೆ ಕೊಡಿ" ಎಂದರು ಮನೆಯವರು. ಒಳಗಿನ ಬಟ್ಟೆಯ ಮೆತ್ತೆ ಬಿಚ್ಚಿ ನೋಡಿದೆ. ಗೀರು ಬಿದ್ದ ಜಾಗದ ಹಿಂದೆ ಥರ್ಮಾಕೋಲ್ ತಟ್ಟೆಯಂತೆ ತಗ್ಗಾಗಿತ್ತು, ಅಂಚಿನಲ್ಲಿ ಕೂದಲೆಳೆಯಂಥ ಬಿರುಕು. ಹುಡುಗನಿಗೆ ಕೊಡಬೇಕೆಂದಿದ್ದ ಆ ಹೆಲ್ಮೆಟ್ ಆ ಜಾಗದಲ್ಲಿ ಬರೀ ಚಿಪ್ಪಾಗಿತ್ತು. ಮತ್ತೆ ಯಾರೂ ಹಾಕದಂತೆ ಪಟ್ಟಿ ಕತ್ತರಿಸಿ ಎಸೆದೆ.

ಇನ್ನು ಖಾಲಿ ಹೆಲ್ಮೆಟ್ಟಿನ ಕಥೆ. ಸೀಟಿನ ಎತ್ತರ 80 ಸೆಂಟಿಮೀಟರ್, ಹೆಲ್ಮೆಟ್ಟಿನ ತೂಕ 1.2 ಕಿಲೋ ಎಂದಿಟ್ಟುಕೊಳ್ಳಿ. mgh ಪ್ರಕಾರ ಶಕ್ತಿ ಸುಮಾರು 9 ಜೂಲ್. ಐದು ಕಿಲೋ ತೂಗುವ ತಲೆ ಒಂದೂವರೆ ಮೀಟರಿನಿಂದ ಬಿದ್ದರೆ 73 ಜೂಲ್. ಅದಕ್ಕಿಂತ ದೊಡ್ಡ ವ್ಯತ್ಯಾಸ ಮತ್ತೊಂದಿದೆ. ಖಾಲಿ ಬಿದ್ದಾಗ ಥರ್ಮಾಕೋಲನ್ನು ಒಳಗಿನಿಂದ ಒತ್ತಿ ಜಜ್ಜಲು ತಲೆಯೇ ಇರುವುದಿಲ್ಲ. ಆದ್ದರಿಂದ ಸೀಟಿನಿಂದಲೋ ಮೇಜಿನಿಂದಲೋ ಒಮ್ಮೆ ಬಿದ್ದ ಮಾತ್ರಕ್ಕೆ ಹೆಲ್ಮೆಟ್ ಸಾಮಾನ್ಯವಾಗಿ ಕೆಡುವುದಿಲ್ಲ. ಆದರೆ ಮೆತ್ತೆ ಬಿಚ್ಚಿ ನೋಡಿ: ಥರ್ಮಾಕೋಲಿನಲ್ಲಿ ತಗ್ಗು, ಬಿರುಕು ಇದೆಯೇ? ಎರಡೂ ಬದಿಯಿಂದ ಅಮುಕಿದಾಗ ಚಿಪ್ಪು ಕರಕರ ಎನ್ನುತ್ತದೆಯೇ? ಪಟ್ಟಿಯ ರಿವೆಟ್ ಅಲುಗುತ್ತದೆಯೇ? ಇವುಗಳಲ್ಲಿ ಒಂದಿದ್ದರೂ ಬದಲಾಯಿಸಿ. ಮಹಡಿಯಿಂದ ಬಿದ್ದಿದ್ದರೆ, ಓಡುತ್ತಿದ್ದ ಗಾಡಿಯಿಂದ ಉರುಳಿದ್ದರೆ, ಪರೀಕ್ಷೆಯೇ ಬೇಡ, ಹೊಸದು ತನ್ನಿ. ತಲೆ ಒಳಗಿದ್ದು ನೆಲಕ್ಕೆ ಬಡಿದಿದ್ದರೂ ಅಷ್ಟೇ, ಹೊರಗೆ ಏನೂ ಕಾಣದಿದ್ದರೂ ಸರಿ.

ಬೀಳದೆಯೂ ಹೆಲ್ಮೆಟ್ ಮುಪ್ಪಾಗುತ್ತದೆ. ಬೆವರು, ತಲೆಗೆಣ್ಣೆ, ಬಿಸಿಲು ಸೇರಿ ಅಂಟು, ಮೆತ್ತೆ, ಪಟ್ಟಿಗಳನ್ನು ಸಡಿಲಿಸುತ್ತವೆ. ಐದು ವರ್ಷವಾದರೆ ಬದಲಾಯಿಸುವುದು ಒಳ್ಳೆಯ ರೂಢಿ. ಕೊಳೆ ತೆಗೆಯಲು ಪೆಟ್ರೋಲು, ಥಿನ್ನರ್ ಬಳಸಬೇಡಿ. ಪ್ಲಾಸ್ಟಿಕ್ ಚಿಪ್ಪು ಪೆಡಸಾಗುತ್ತದೆ, ಥರ್ಮಾಕೋಲ್ ಕರಗಿಯೇ ಹೋಗುತ್ತದೆ. ಸೋಪಿನ ನೀರು ಸಾಕು.

ಹೊಸದನ್ನು ಕೊಳ್ಳುವಾಗಲೂ ಇದೇ ತಿಳಿವಳಿಕೆ ಕೈಹಿಡಿಯುತ್ತದೆ. ನಮ್ಮ ದೇಶದ ಮಾನಕ ಐಎಸ್ 4151. ಲೋಹದ ತಲೆಗೆ ಹೆಲ್ಮೆಟ್ ತೊಡಿಸಿ ಬೀಳಿಸಿ, ಆ ತಲೆಗೆ ಎಷ್ಟು ಪೆಟ್ಟು ತಲುಪಿತೆಂದು ಅಳೆಯುವುದು ಅದರ ಮುಖ್ಯ ಪರೀಕ್ಷೆ. 2021ರ ಜೂನ್ 1ರಿಂದ ದ್ವಿಚಕ್ರ ವಾಹನದ ಹೆಲ್ಮೆಟ್ಟಿಗೆ ಐಎಸ್‌ಐ ಗುರುತು ಕಡ್ಡಾಯ. ಆದರೆ ಗುರುತಿನ ಚೀಟಿಯನ್ನು ಯಾರೂ ಅಚ್ಚು ಹಾಕಿಸಬಹುದು. ಗುರುತಿನ ಕೆಳಗೆ CM/L ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಮೊಬೈಲಿನ BIS Care ಆ್ಯಪ್‌ನಲ್ಲಿ ಅದನ್ನು ಹಾಕಿದರೆ ತಯಾರಕರ ಹೆಸರು ಬರುತ್ತದೆ, ಕೈಯಲ್ಲಿರುವ ಹೆಲ್ಮೆಟ್ಟಿನ ಹೆಸರಿಗೆ ಹೊಂದುತ್ತದೆಯೇ ನೋಡಿ. ಜೊತೆಗೆ ಮೆತ್ತೆ ಸರಿಸಿ ಹೆಬ್ಬೆರಳಿನಿಂದ ಒತ್ತಿ. ಗಟ್ಟಿ ಥರ್ಮಾಕೋಲ್ ಸಿಗಬೇಕು. ಬರೀ ಸ್ಪಂಜು ಸಿಕ್ಕರೆ ಅದು ಟೋಪಿ, ಹೆಲ್ಮೆಟ್ ಅಲ್ಲ.

ಅಳತೆಗೆ ಹುಬ್ಬಿನ ಮೇಲೆ ಒಂದು ಬೆರಳು ಬಿಟ್ಟು, ತಲೆಯ ಹಿಂದಿನ ಉಬ್ಬಿನ ಸುತ್ತ ಟೇಪು ಹಿಡಿಯಿರಿ. 58 ಸೆಂಟಿಮೀಟರ್ ಬಂದರೆ 580 ಎಂದು ಬರೆದದ್ದನ್ನು ಹಾಕಿ ನೋಡಿ. "ಮುಂದಿನ ವರ್ಷಕ್ಕೂ ಆಗಲಿ" ಎಂದು ಯೂನಿಫಾರಂನಂತೆ ದೊಡ್ಡದು ಕೊಳ್ಳಬೇಡಿ. ಸಡಿಲವಾದದ್ದು ತಲೆ ನೆಲ ಮುಟ್ಟುವ ಮೊದಲೇ ಜಾಗ ಬಿಟ್ಟಿರುತ್ತದೆ. ಹಾಕಿಕೊಂಡು ಅಕ್ಕಪಕ್ಕ ತಿರುಗಿಸಿದರೆ ಕೆನ್ನೆಯ ಚರ್ಮವೂ ಜೊತೆಗೇ ಎಳೆಯಬೇಕು. ಪಟ್ಟಿ ಬಿಗಿದು ಹಿಂದಿನ ಅಂಚನ್ನು ಮೇಲಕ್ಕೂ ಮುಂದಕ್ಕೂ ತಳ್ಳಿ, ಕಳಚಿ ಬಂದರೆ ಆ ಅಳತೆ ಬೇಡ. ಹತ್ತು ನಿಮಿಷ ಹಾಕಿಕೊಂಡೇ ನಿಲ್ಲಿ, ಹಣೆಯಲ್ಲಿ ಒಂದೇ ಕಡೆ ನೋವಾದರೆ ಆಕಾರ ಹೊಂದುತ್ತಿಲ್ಲ. ಹೆಣ್ಣುಮಕ್ಕಳು ಜಡೆಯನ್ನು ಕತ್ತಿನ ಬಳಿ ಇಳಿಸಿ ಹಾಕಿಕೊಂಡೇ ಪರೀಕ್ಷಿಸಬೇಕು. ತುರುಬಿನ ಮೇಲೆ ಕೂತ ಹೆಲ್ಮೆಟ್ ಹಣೆಯನ್ನು ಬಿಟ್ಟುಬಿಡುತ್ತದೆ.

ಕೊನೆಗೆ ಮುಂದಿನ ಗಾಜು. ಹೆಸರಿಗೆ ಗಾಜು, ನಿಜದಲ್ಲಿ ಪಾರದರ್ಶಕ ಪ್ಲಾಸ್ಟಿಕ್. ಅಂಗಡಿಯಲ್ಲಿ ಅದರ ಮೂಲಕ ಕಿಟಕಿಯ ನೆಟ್ಟಗಿನ ಸರಳನ್ನು ನೋಡುತ್ತಾ ತಲೆ ಮೆಲ್ಲಗೆ ಆಡಿಸಿ. ಸರಳು ಅಲೆಯಂತೆ ಬಳುಕಿದರೆ ಬೇಡ. ಕಪ್ಪು ಬಣ್ಣದ್ದು ರಾತ್ರಿಗೆ ಸಲ್ಲದು. ಒಣ ಬಟ್ಟೆಯಿಂದ ಉಜ್ಜಿದರೆ ಧೂಳಿನ ಕಣಗಳೇ ಗೀರು ಎಳೆಯುತ್ತವೆ. ಆ ಗೀರುಗಳು ಎದುರಿನ ದೀಪದ ಬೆಳಕನ್ನು ಚದುರಿಸಿ ರಸ್ತೆಯನ್ನೇ ಮರೆಮಾಡುತ್ತವೆ. ಆಗ ಗಾಜು ಮಾತ್ರ ಬದಲಾಯಿಸಿದರೆ ಸಾಕು.

ಮರುದಿನ ಹುಡುಗಿ ಹೆಲ್ಮೆಟ್ ತಂದು ಮೇಜಿನ ಮೇಲಿಟ್ಟಳು. ಮೆತ್ತೆ ಬಿಚ್ಚಿದೆವು. ಥರ್ಮಾಕೋಲಿನಲ್ಲಿ ತಗ್ಗಿಲ್ಲ, ಬಿರುಕಿಲ್ಲ, ರಿವೆಟ್ ಭದ್ರ. "ಹಾಗಾದರೆ ಅಪ್ಪ ಹೇಳಿದ್ದೇ ಸರಿ" ಎಂದಳು. "ಈ ಸಲ ಸರಿ. ಆದರೆ ಅಪ್ಪನದನ್ನೂ ಒಮ್ಮೆ ಬಿಚ್ಚಿ ನೋಡಮ್ಮ" ಎಂದೆ. ಸಂಜೆ ಅಪ್ಪನೇ ಹೆಲ್ಮೆಟ್ ಹಿಡಿದು ಗೇಟಿನ ಬಳಿ ನಿಂತಿದ್ದರು. ಕೊಂಡು ಒಂಬತ್ತು ವರ್ಷವಾಗಿತ್ತು. ಒಳಗೆ ಇದ್ದದ್ದು ಬರೀ ಸ್ಪಂಜು.