ಆದೇಶದಲ್ಲಿ ಬರೆಯದ ತಾರೀಖು

ಆ ಮೆಮೊ ಬರೆದವನು ನಾನೇ. "ದೆಹಲಿಯಲ್ಲಿ ನಿಗದಿತ ಅವಧಿಯೊಳಗೆ ಹಾಜರಾಗಿಲ್ಲ, ಏಕೆ ಎಂದು ಮೂರು ದಿನಗಳಲ್ಲಿ ತಿಳಿಸಿ" ಎಂದು ಬರೆದು, ಸಾಹೇಬರ ಸಹಿ ಹಾಕಿಸಿ, ಮೇ 26ರ ಸೋಮವಾರ ಕಳಿಸಿದ್ದೆ. ಸಂಜೆಗೆ ಫೋನ್ ಬಂತು. ಆ ಕಡೆ ಧಾರವಾಡದ ದನಿ.

"ಸರ್, ನಾ ಇನ್ನೂ ಪುಣೆದಾಗ ಇದೇ ಕುರ್ಚಿ ಮ್ಯಾಲೆ ಕುಂತೇನ್ರೀ. ನನ್ನ ಬಿಟ್ಟೇ ಇಲ್ಲ, ತಡಾ ಹೆಂಗ ಆತ್ರೀ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಂಪ್ಯೂಟರಿನಲ್ಲಿ ಅವರ ಸಾಲು ಕೆಂಪಾಗಿತ್ತು, ಅದನ್ನು ನಂಬಿ ಬರೆದಿದ್ದೆ. ಆ ಸಾಲು ಯಾಕೆ ಕೆಂಪಾಯಿತು ಎಂಬುದೇ ಈ ಸಲದ ಅಂಕಣ. ನಮ್ಮ ಓದುಗರಲ್ಲಿ ಅನೇಕರು ಇಂಥದೇ ಆದೇಶವೊಂದರ ಬೆನ್ನು ಹಿಡಿದು ಈ ಊರುಗಳಿಗೆ ಬಂದವರು. ಇನ್ನು ಕೆಲವರು ನನ್ನಂತೆ ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್ನಿನಲ್ಲಿ ಕೂತು ಅಂಥ ಆದೇಶಗಳ ಲೆಕ್ಕ ಇಡುವವರು. ಇಬ್ಬರಿಗೂ ಇದು ಬೇಕಾದೀತು. ನಾನು ಹೇಳುವುದು ಕೇಂದ್ರ ಸರ್ಕಾರದ ಸಿವಿಲ್ ನೌಕರರ ನಿಯಮ. ರೈಲ್ವೆ, ಬ್ಯಾಂಕುಗಳಿಗೆ ಅವುಗಳದ್ದೇ ನಿಯಮಗಳಿವೆ. ಆದರೆ ಆದೇಶ ಓದುವ ಕ್ರಮ ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ.

ನಮ್ಮಲ್ಲಿ ವರ್ಗಾವಣೆಯ ಹಂಗಾಮು ಬಂತೆಂದರೆ ಒಂದೊಂದು ಆದೇಶದಲ್ಲಿ ಹತ್ತಿಪ್ಪತ್ತು ಹೆಸರು. ಎಲ್ಲವನ್ನೂ ಒಂದು ಎಕ್ಸೆಲ್ ಹಾಳೆಗೆ ಇಳಿಸಬೇಕು: ಯಾರು, ಎಲ್ಲಿಂದ, ಎಲ್ಲಿಗೆ, ಯಾವತ್ತಿನೊಳಗೆ ಹಾಜರಾಗಬೇಕು. ಕೇಳಲಿಕ್ಕೆ ನಾಲ್ಕೇ ಕಾಲಂ. ಮೊದಲ ಮೂರು ಆದೇಶದಲ್ಲೇ ಇರುತ್ತವೆ. ನಾಲ್ಕನೆಯದು ಬಹಳ ಸಲ ಅಲ್ಲಿ ಇರುವುದೇ ಇಲ್ಲ. ಇಲ್ಲದ್ದನ್ನು ಇದೆ ಎಂದುಕೊಂಡು ತುಂಬಿದ್ದೇ ನನ್ನ ತಪ್ಪು.

ಪುಣೆಯವರ ಆದೇಶವನ್ನೇ ನೋಡಿ. ಗುರುತು ಸಿಗದಂತೆ ಊರು, ತಾರೀಖು ಬದಲಿಸಿದ್ದೇನೆ. ಆದೇಶದ ತಾರೀಖು 2025ರ ಮೇ 12. ಏಳನೆಯ ಸಾಲಿನಲ್ಲಿ ನಮ್ಮ ಧಾರವಾಡದವರು, ಪುಣೆಯಿಂದ ದೆಹಲಿಗೆ. ಹನ್ನೊಂದನೆಯ ಸಾಲಿನಲ್ಲಿ ಇನ್ನೊಬ್ಬರು, ಹೈದರಾಬಾದಿನಿಂದ ಪುಣೆಗೆ, ಕೊನೆಯ ಕಾಲಂನಲ್ಲಿ "ವೈಸ್" ಎಂದು ಬರೆದು ಏಳನೆಯವರ ಹೆಸರು. ಪಟ್ಟಿಯ ಕೆಳಗೆ ಮೂರು ಪ್ಯಾರಾ. ಎರಡನೆಯದರಲ್ಲಿ, ಬದಲಿ ನೌಕರ ಹಾಜರಾದ ಮೇಲೆ ಬಿಡುಗಡೆ ಮಾಡತಕ್ಕದ್ದು ಎಂಬ ಮಾತು.

ಮೊದಲು ಹೆಸರು. ಒಂದೇ ಹೆಸರಿನ ಇಬ್ಬರು ಎಲ್ಲ ಇಲಾಖೆಯಲ್ಲೂ ಸಿಗುತ್ತಾರೆ. ಆದ್ದರಿಂದ ಹಾಳೆಯಲ್ಲಿ ಹೆಸರಿಗಿಂತ ಮುಂಚೆ ನೌಕರರ ಕೋಡ್ ಇರಲಿ. ಆದೇಶದಲ್ಲಿ ಕೋಡ್ ಇಲ್ಲದಿದ್ದರೆ ಹೆಸರು, ಹುದ್ದೆ, ಹಳೆಯ ಕಚೇರಿ ಮೂರನ್ನೂ ಸಿಬ್ಬಂದಿ ಪಟ್ಟಿಯ ಜೊತೆ ಹೊಂದಿಸಿ ನೋಡಿ ಕೋಡ್ ತುಂಬಿ. ಇನ್ನೊಂದು ಎಡವಟ್ಟು "ವೈಸ್" ಎಂಬ ಪದದಿಂದ ಆಗುತ್ತದೆ. ಅದರ ಅರ್ಥ "ಇವರ ಜಾಗಕ್ಕೆ" ಎಂದಷ್ಟೇ. ಹನ್ನೊಂದನೆಯ ಸಾಲಿನಲ್ಲಿ ಧಾರವಾಡದವರ ಹೆಸರು ಬಂದಿದೆ ಎಂದು ಅವರಿಗೆ ಇನ್ನೊಂದು ಸಾಲು ಹಾಕಬಾರದು. ಅವರ ಚಲನೆ ಏಳನೆಯ ಸಾಲಿನಲ್ಲಿ ಮುಗಿಯಿತು. ಹಾಗೆಂದು ಆ ಹೆಸರನ್ನು ಬಿಟ್ಟುಬಿಡಲೂ ಬಾರದು. "ಯಾರ ಜಾಗಕ್ಕೆ" ಎಂಬ ಪ್ರತ್ಯೇಕ ಕಾಲಂನಲ್ಲಿ ಬರೆದಿಡಿ. ಯಾರು ಬಂದರೆ ಯಾರು ಹೊರಡುತ್ತಾರೆ ಎಂಬ ಸರಪಳಿ ಕಾಣುವುದು ಅಲ್ಲೇ. ನಾನು ಅದನ್ನು ಬರೆದಿದ್ದರೆ, ಹೈದರಾಬಾದಿನವರು ಇನ್ನೂ ಪುಣೆಗೆ ಬಂದಿಲ್ಲ, ಹಾಗಾಗಿ ಪುಣೆಯವರು ಹೊರಟಿರಲಾರರು ಎಂದು ಮೆಮೊಗಿಂತ ಮೊದಲೇ ಹೊಳೆಯುತ್ತಿತ್ತು.

ಆಮೇಲೆ ಹಳೆಯ ಜಾಗ. ಆದೇಶದಲ್ಲಿ ಏನಿದೆಯೋ ಅದನ್ನೇ ಬರೆಯಿರಿ. ಆದರೆ "ಅಂಡರ್ ಟ್ರಾನ್ಸ್‌ಫರ್" ಎಂದು ಕಂಡರೆ ನಿಂತು ಓದಿ. ಹಿಂದಿನ ಆದೇಶದಂತೆ ಅವರು ಎಲ್ಲಿಗೋ ಹೋಗಬೇಕಿತ್ತು, ಇನ್ನೂ ಹೋಗಿಲ್ಲ, ಅಷ್ಟರಲ್ಲಿ ಹೊಸ ಆದೇಶ ಬಂದಿದೆ ಎಂದರ್ಥ. ಅವರು ಹೊರಡುವುದು ಈಗ ಕೂತಿರುವ ಕಚೇರಿಯಿಂದ. ಎಂದೂ ಕಾಲಿಡದ ಕಚೇರಿಯನ್ನು ಹಳೆಯ ಜಾಗ ಎಂದು ಬರೆದರೆ, ಬಿಡುಗಡೆ ಪತ್ರಕ್ಕಾಗಿ ತಪ್ಪು ವಿಳಾಸಕ್ಕೆ ಓಲೆ ಬರೆಯುತ್ತ ಕೂರಬೇಕಾಗುತ್ತದೆ. ಹಿಂದಿನ ಆದೇಶದ ಸಾಲನ್ನು ಅಳಿಸಲೂ ಬೇಡಿ. "ಇಂಥ ತಾರೀಖಿನ ಇಂಥ ನಂಬರಿನ ಆದೇಶದಿಂದ ಬದಲಾಗಿದೆ" ಎಂದು ಪಕ್ಕದಲ್ಲಿ ಬರೆದು ಮುಚ್ಚಿ. ತಿದ್ದುಪಡಿ ಆದೇಶ ಬಂದಾಗಲೂ ಇದೇ ಕ್ರಮ.

ಈಗ ಆ ನಾಲ್ಕನೆಯ ಕಾಲಂಗೆ ಬರೋಣ. ನಾನು ಮಾಡಿದ್ದು ಸರಳ. ಮೇ 12ಕ್ಕೆ 12 ದಿನ ಕೂಡಿಸಿದೆ, ಮೇ 24 ಬಂತು, ದಾಟಿದ ಮೇಲೆ ಸಾಲು ಕೆಂಪಾಯಿತು. ಹನ್ನೆರಡು ದಿನ ಎಂಬುದು ಸರಿಯೇ. 1979ರ ಜಾಯಿನಿಂಗ್ ಟೈಮ್ ನಿಯಮಗಳ ಪ್ರಕಾರ, ಸಾರ್ವಜನಿಕ ಹಿತಕ್ಕಾಗಿ ಬೇರೆ ಊರಿಗೆ ವರ್ಗವಾದರೆ 1000 ಕಿಲೋಮೀಟರಿನವರೆಗೆ 10 ದಿನ, ಅದಕ್ಕಿಂತ ಹೆಚ್ಚಾದರೆ 12 ದಿನ, 2000 ದಾಟಿದರೆ 15 ದಿನ. ಪುಣೆಯಿಂದ ದೆಹಲಿ 1000 ದಾಟುತ್ತದೆ, 2000 ಮುಟ್ಟುವುದಿಲ್ಲ. ತಪ್ಪಿದ್ದು ಎಣಿಕೆ ಶುರುಮಾಡಿದ ಜಾಗದಲ್ಲಿ. ಈ ದಿನಗಳು ಆದೇಶದ ತಾರೀಖಿನಿಂದ ಓಡುವುದಿಲ್ಲ, ಹಳೆಯ ಕುರ್ಚಿಯ ಚಾರ್ಜ್ ಬಿಟ್ಟುಕೊಟ್ಟಲ್ಲಿಂದ ಓಡುತ್ತವೆ. ಬೆಳಿಗ್ಗೆ ಬಿಟ್ಟುಕೊಟ್ಟರೆ ಅದೇ ದಿನ ಮೊದಲನೆಯದು. ಮಧ್ಯಾಹ್ನದ ನಂತರ ಬಿಟ್ಟುಕೊಟ್ಟರೆ ಮರುದಿನ ಮೊದಲನೆಯದು.

ಹೈದರಾಬಾದಿನವರು ಪುಣೆಗೆ ಬಂದು ಹಾಜರಾದದ್ದು ಮೇ 29ಕ್ಕೆ. ಧಾರವಾಡದವರು ಚಾರ್ಜ್ ಕೊಟ್ಟದ್ದು ಮೇ 30ರ ಶುಕ್ರವಾರ ಮಧ್ಯಾಹ್ನದ ಮೇಲೆ. ಆದ್ದರಿಂದ ಮೊದಲ ದಿನ ಮೇ 31. ಹನ್ನೆರಡನೆಯ ದಿನ ಜೂನ್ 11. ಅವರು ದೆಹಲಿಯಲ್ಲಿ ಹಾಜರಾಗಬೇಕಾದದ್ದು ಜೂನ್ 12ರ ಬೆಳಿಗ್ಗೆ. ನನ್ನ ಮೆಮೊ ಹದಿನೇಳು ದಿನ ಮೊದಲೇ ಹೋಗಿತ್ತು. ಅದೇ ಶುಕ್ರವಾರ ಬೆಳಿಗ್ಗೆ ಚಾರ್ಜ್ ಕೊಟ್ಟಿದ್ದರೆ ಗಡುವು ಜೂನ್ 11 ಆಗುತ್ತಿತ್ತು. ಬಿಡುಗಡೆ ಪತ್ರದ ಮೂಲೆಯಲ್ಲಿ ಸಣ್ಣದಾಗಿ ಬರೆದ ಎಫ್‌ಎನ್, ಎಎನ್ ಎಂಬ ಎರಡಕ್ಷರಕ್ಕೆ ಒಂದು ದಿನದ ಬೆಲೆ ಇದೆ.

ಕೊನೆಯ ದಿನದ ಬೆನ್ನಿಗೆ ರಜೆ ಬಂದರೆ ಅದನ್ನೂ ಸೇರಿಸಿಕೊಳ್ಳಬಹುದು, ರಜೆ ಮುಗಿದ ಮೇಲಿನ ಕೆಲಸದ ದಿನ ಹಾಜರಾದರೆ ಸಾಕು. ಹಾಗಾಗಿ ಈಗ ನನ್ನ ಹಾಳೆಯಲ್ಲಿ ಗಡುವನ್ನು ಯಾರೂ ಕೈಯಿಂದ ಬರೆಯುವುದಿಲ್ಲ. G ಕಾಲಂನಲ್ಲಿ ಬಿಡುಗಡೆಯ ತಾರೀಖು, H ನಲ್ಲಿ FN ಅಥವಾ AN, I ನಲ್ಲಿ ದಿನಗಳ ಸಂಖ್ಯೆ. ಪಕ್ಕದ ಕಾಲಂನಲ್ಲಿ ಈ ಸೂತ್ರ:

```
=IF(G2="","",WORKDAY(G2+I2-IF(H2="FN",1,0),1,Holidays))
```

Holidays ಎಂಬುದು ಕಚೇರಿಯ ರಜಾಪಟ್ಟಿಗೆ ನಾನಿಟ್ಟ ಹೆಸರು. ಬಿಡುಗಡೆಯ ತಾರೀಖು ಬರುವವರೆಗೆ ಗಡುವಿನ ಮನೆ ಖಾಲಿ ಇರುತ್ತದೆ. ಖಾಲಿ ಮನೆ ಕೆಂಪಾಗುವುದಿಲ್ಲ. ಈ ಸೂತ್ರ ಶನಿವಾರ, ಭಾನುವಾರ ಎರಡನ್ನೂ ರಜೆ ಎಂದು ಎಣಿಸುತ್ತದೆ. ಎರಡನೇ, ನಾಲ್ಕನೇ ಶನಿವಾರ ಮಾತ್ರ ರಜೆ ಇರುವ ಕಚೇರಿಯವರು WORKDAY.INTL ಬಳಸಿ, ವಾರದ ರಜೆಯ ಜಾಗದಲ್ಲಿ "0000001" ಎಂದು ಕೊಟ್ಟು, ಆ ಶನಿವಾರಗಳನ್ನು ರಜಾಪಟ್ಟಿಗೆ ಸೇರಿಸಬೇಕು. ತಾರೀಖನ್ನು 30-May-2025 ಎಂದೇ ಟೈಪ್ ಮಾಡಿ. ಆದೇಶದಲ್ಲಿರುವಂತೆ ಚುಕ್ಕೆ ಇಟ್ಟು 30.05.2025 ಎಂದರೆ ಎಕ್ಸೆಲ್ ಅನೇಕ ವೇಳೆ ಅದನ್ನು ತಾರೀಖು ಎಂದು ತಿಳಿಯುವುದಿಲ್ಲ. ಹಾಗಾದಾಗ ಅಂಕಿ ಮನೆಯ ಎಡಗಡೆಗೆ ಅಂಟಿ ನಿಲ್ಲುತ್ತದೆ, ಅದೇ ಗುರುತು.

I ಕಾಲಂ ತುಂಬುವ ಮೊದಲು ಆದೇಶದ ಕೆಳಗಿನ ಪ್ಯಾರಾಗಳನ್ನು ಪೂರ್ತಿ ಓದಬೇಕು. "ಸ್ವಂತ ಕೋರಿಕೆಯ ಮೇರೆಗೆ" ಎಂದಿದ್ದರೆ ಈ ದಿನಗಳು ಸಿಗುವುದಿಲ್ಲ, ಅಲ್ಲಿ ಸೊನ್ನೆ. ಬೆಂಗಳೂರಿಗೋ ಹುಬ್ಬಳ್ಳಿಗೋ ವರ್ಗ ಕೇಳಿ ಪಡೆದ ನಮ್ಮವರು ಎಡವುವುದು ಇಲ್ಲೇ. ಸಾಮಾನು ಸಾಗಿಸಲು ಹತ್ತು ದಿನ ಇದೆ ಎಂದುಕೊಂಡು ಕೂತರೆ ಆ ದಿನಗಳಿಗೆ ಸ್ವಂತ ರಜೆ ಹಾಕಬೇಕಾಗುತ್ತದೆ. ಮೊದಲೇ ರಜೆ ಮಂಜೂರು ಮಾಡಿಸಿಕೊಂಡು ಹೊರಡುವುದು ಕ್ಷೇಮ. ಇನ್ನು ಆದೇಶದಲ್ಲೇ "ಇಂಥ ದಿನ ಬಿಡುಗಡೆಯಾದಂತೆ ಭಾವಿಸತಕ್ಕದ್ದು" ಎಂದಿದ್ದರೆ ಆ ತಾರೀಖೇ G ಕಾಲಂಗೆ. "ಇಂಥ ದಿನದೊಳಗೆ ಹಾಜರಾಗತಕ್ಕದ್ದು" ಎಂದು ನೇರವಾಗಿ ಬರೆದಿದ್ದರೆ ಅದನ್ನು ಬೇರೆ ಕಾಲಂನಲ್ಲಿ ಇಡಿ, ಸೂತ್ರದ ಮೇಲೆ ಟೈಪ್ ಮಾಡಬೇಡಿ. ಎರಡೂ ತಾರೀಖು ಹೊಂದದಿದ್ದರೆ ಆದೇಶ ಹೊರಡಿಸಿದ ಸೆಕ್ಷನ್ನಿಗೆ ಕೇಳಿ. ಊಹಿಸಬೇಡಿ.

ಕೊನೆಗೆ, ನಿಜವಾಗಿ ಹಾಜರಾದ ತಾರೀಖಿಗೂ ಒಂದು ಕಾಲಂ ಇರಲಿ. ಅದು ತಡವಾದವರನ್ನು ಹಿಡಿಯಲಿಕ್ಕೆ ಮಾತ್ರವಲ್ಲ. ಧಾರವಾಡದವರು ದೆಹಲಿಯಲ್ಲಿ ಹಾಜರಾದದ್ದು ಜೂನ್ 6ರ ಬೆಳಿಗ್ಗೆ. ಮೇ 31ರಿಂದ ಜೂನ್ 5ರವರೆಗೆ ಬಳಸಿದ್ದು 6 ದಿನ, ಉಳಿದದ್ದು 6 ದಿನ. ಉಳಿದ ದಿನಗಳು ನಿಯಮದಂತೆ ನೌಕರರ ಗಳಿಕೆ ರಜೆಯ ಖಾತೆಗೆ, ಅದರ ಮಿತಿಯೊಳಗೆ, ಜಮೆಯಾಗಬೇಕು. ಬಿಡುಗಡೆಯ ತಾರೀಖು, ಹಾಜರಾದ ತಾರೀಖು ಎರಡೂ ಬರೆದಿಟ್ಟಿದ್ದರಿಂದ ನಾನೇ ದೆಹಲಿಗೆ ಪತ್ರ ಬರೆದು ಅದನ್ನು ಅವರ ಖಾತೆಗೆ ಹಾಕಿಸಿದೆ. ಮೆಮೊವನ್ನೂ ಲಿಖಿತವಾಗಿ ಹಿಂತೆಗೆದುಕೊಂಡೆವು. ಇಲ್ಲದಿದ್ದರೆ ಅದು ಅವರ ಫೈಲಿನಲ್ಲಿ ನಿವೃತ್ತಿಯವರೆಗೂ ಕೂತಿರುತ್ತಿತ್ತು.

ಅವರ ಫೋನ್ ಆಮೇಲೂ ಬಂತು. "ರಜಾ ಬಂತ್ರೀ ಸರ್, ದೀಪಾವಳಿಗೆ ಊರಿಗೆ ಹೊಂಟೇನಿ" ಅಂದರು. ಆ ಆರು ದಿನವೂ ನನ್ನ ಹಾಳೆಯ ಎರಡು ಕಾಲಂಗಳಲ್ಲೇ ಇತ್ತು.