ಅರೆಮುಚ್ಚಿದ ಕಣ್ಣು ಹೇಳಿದ್ದೇನು?

ಸೂರತ್‌ನಲ್ಲಿ ಅದು ವಾಸಿ ಉತ್ತರಾಯಣದ ದಿನ, ಅಂದರೆ ಜನವರಿ 15. ಬೆಳಿಗ್ಗೆ ನಮ್ಮ ಗುಂಡ ಸೋಫಾದ ಮೂಲೆಯಲ್ಲಿ ಮುದುಡಿ ಕೂತು ಅರೆಗಣ್ಣಲ್ಲಿ ನನ್ನತ್ತ ನೋಡುತ್ತಿದ್ದ. ಹಿಂದಿನ ದಿನವಿಡೀ ತಾರಸಿಗಳ ಮೇಲೆ ಸ್ಪೀಕರ್, ಪೀಪಿ, 'ಕಾಯ್ ಪೋ ಛೇ' ಕೂಗು. ಮಂಚದ ಕೆಳಗೆ ಸೇರಿಕೊಂಡಿದ್ದವನು ಈಗ ಹೊರಗೆ ಬಂದಿದ್ದಾನೆ, ಭಯ ಹೋಗಿದೆ ಅಂದುಕೊಂಡೆ. ನಾನೂ ನಿಧಾನವಾಗಿ ಕಣ್ಣು ಮುಚ್ಚಿ ತೆರೆದೆ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಧಾರವಾಡದ ಅಕ್ಕನಿಗೆ ಕಳಿಸಿ, 'ನೋಡು, ಹೆಂಗ ಪ್ರೀತಿ ಮಾಡಾಕತ್ತಾನ' ಎಂದು ಬರೆದೆ.

ಅಂದು ಸಂಜೆಯ ಹೊತ್ತಿಗೆ ಅವನು ಆಸ್ಪತ್ರೆಯ ಮೇಜಿನ ಮೇಲಿದ್ದ. ಬೆಕ್ಕಿನ ಭಾಷೆ ನನಗೆ ಚೆನ್ನಾಗಿ ಬರುತ್ತದೆ ಎಂಬ ಜಂಬ ನನಗಿತ್ತು. ಅದು ಎಲ್ಲಿ ಬೆಳೆಯಿತು, ಎಲ್ಲಿ ಮುರಿಯಿತು ಎಂಬುದೇ ಈ ಸಲದ ಅಂಕಣ.

ಅಕ್ಷರಾಭ್ಯಾಸ ಆದದ್ದು ಅಹಮದಾಬಾದಿನಲ್ಲಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಳೇ ಊರಿನ ಖಾಡಿಯಾ ಕಡೆ, ಒಂದು ಪೋಳದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೆ. ಪೋಳ ಅಂದರೆ ಒಂದೇ ಬಾಗಿಲಿನ ಇಕ್ಕಟ್ಟು ಓಣಿ, ಎರಡೂ ಕಡೆ ಮನೆಗಳು, ಮನೆ ಮುಂದೆ ಜಗುಲಿ. ಎದುರು ಮನೆಯ ಅಜ್ಜಿಯನ್ನು ಓಣಿಯವರೆಲ್ಲ 'ಬಾ' ಎಂದು ಕರೆಯುತ್ತಿದ್ದರು. ಗುಜರಾತಿಯಲ್ಲಿ ತಾಯಿಗೂ ಅಜ್ಜಿಗೂ ಅದೇ ಮಾತು. ನಾನು ಬೆಕ್ಕನ್ನು 'ಬಾ, ಬಾ' ಎಂದು ಕರೆದಾಗಲೆಲ್ಲ ಅವರು 'ಶುಂ ಛೇ?' ಎಂದು ತಲೆ ಎತ್ತುತ್ತಿದ್ದರು.

ಆ ಬಾ ಬಾಲವನ್ನು ನೋಡಿ ಬೆಕ್ಕಿಗೆ ಹಾಲು ಹಾಕುತ್ತಿದ್ದರು. ಬಾಲ ಕಂಬದಂತೆ ನೆಟ್ಟಗೆ, ತುದಿ ಮಾತ್ರ ಸ್ವಲ್ಪ ಬಾಗಿ ಬಂದರೆ ಅದು ನಮಸ್ಕಾರ. ಮರಿಗಳು ತಾಯಿಯ ಹತ್ತಿರ ಬರುವಾಗ ಹೀಗೇ ಬಾಲ ಎತ್ತುತ್ತವೆ. ದೊಡ್ಡವಾದ ಮೇಲೆ ಅದೇ ನಡೆಯನ್ನು ತಮ್ಮವರೆನಿಸಿದ ಬೆಕ್ಕಿಗೂ ಮನುಷ್ಯರಿಗೂ ತೋರಿಸುತ್ತವೆ. ಇಂಗ್ಲೆಂಡಿನಲ್ಲಿ 1990ರ ದಶಕದಲ್ಲಿ ಸಂಶೋಧಕರೊಬ್ಬರು ಕಪ್ಪು ಕಾಗದದಲ್ಲಿ ಬೆಕ್ಕಿನ ಆಕೃತಿ ಕತ್ತರಿಸಿ ಗೋಡೆಗೆ ಹಚ್ಚಿ ನೋಡಿದ್ದರು. ಬಾಲ ಎತ್ತಿದ ಆಕೃತಿಯನ್ನು ಕಂಡ ಬೆಕ್ಕುಗಳು ತಾವೂ ಬಾಲ ಎತ್ತಿ ಹತ್ತಿರ ಹೋದವು. ಬಾಲ ಇಳಿಬಿಟ್ಟ ಆಕೃತಿಗೆ ಆ ಮರ್ಯಾದೆ ಸಿಗಲಿಲ್ಲ.

ನಾಯಿ ಇದ್ದ ಮನೆಯಲ್ಲಿ ಬೆಳೆದ ನನಗೆ ಮೊದಲ ತಪ್ಪು ಆದದ್ದು ಬಾಲ ಅಲ್ಲಾಡಿಸುವುದರಲ್ಲಿ. ಜಗುಲಿಯ ಮೇಲೆ ಕೂತ ಬೆಕ್ಕು ಬಾಲವನ್ನು ಪಟಪಟ ಬಡಿಯುತ್ತಿತ್ತು. ಖುಷಿಯಾಗಿದೆ ಎಂದು ಬೆನ್ನು ಸವರಲು ಹೋಗಿ ಪರಚಿಸಿಕೊಂಡೆ. ಬೆಕ್ಕು ಬಾಲ ಬಡಿದರೆ 'ಸಾಕು, ದೂರ ಹೋಗು' ಎಂದರ್ಥ.

ಎರಡನೆಯ ಊರು ವಡೋದರಾ. ಅಲ್ಲಿ ನಮ್ಮ ಸೊಸೈಟಿಯ ಕಾಂಪೌಂಡ್ ಗೋಡೆಗಾಗಿ ಎರಡು ಗಂಡು ಬೆಕ್ಕುಗಳ ನಡುವೆ ಕಾಯಂ ಜಗಳ. ಇಬ್ಬರೂ ಎದುರುಬದುರು ನಿಂತು ಊಳಿಡುವಾಗ ಬಾಲ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ಕಿವಿ ನೋಡಬೇಕು ಎಂದು ಗೊತ್ತಾಗಲು ಒಂದು ಬೇಸಿಗೆ ಬೇಕಾಯಿತು. ಒಬ್ಬನ ಕಿವಿ ನೆಟ್ಟಗೇ ನಿಂತು, ಎದುರಿನಿಂದ ಕಿವಿಯ ಹಿಂಭಾಗ ಕಾಣುವಷ್ಟು ತಿರುಚಿಕೊಂಡಿರುತ್ತಿತ್ತು. ಏರಿ ಹೋಗುವವನು ಅವನೇ. ಇನ್ನೊಬ್ಬನ ಕಿವಿ ತಲೆಗೆ ಅಂಟಿಕೊಂಡು ಚಪ್ಪಟೆಯಾಗಿರುತ್ತಿತ್ತು. ಅವನು ಹೆದರಿದವನು, ಆದರೆ ಮೂಲೆಗೆ ಸಿಕ್ಕರೆ ಕಚ್ಚುವವನೂ ಅವನೇ. ಇವೆರಡರ ನಡುವೆ, ಕಿವಿ ಎರಡೂ ಪಕ್ಕಕ್ಕೆ ವಿಮಾನದ ರೆಕ್ಕೆಯಂತೆ ಚಾಚಿದ್ದರೆ ಏನೋ ಸರಿಯಿಲ್ಲ ಎಂಬ ಅಳುಕು. ಈ ಕೊನೆಯದನ್ನು ಇಲ್ಲಿ ಗುರುತು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೂರನೆಯ ಊರು ಸೂರತ್. ಗುಂಡ ಮನೆಗೆ ಬಂದದ್ದು ಅಲ್ಲಿ. ಅಷ್ಟು ಹೊತ್ತಿಗೆ ಕಣ್ಣಿನ ಮಾತೂ ಓದಿನಿಂದ ತಿಳಿದಿತ್ತು. ನಮ್ಮಲ್ಲಿ ಬೆಕ್ಕು ಕಣ್ಣು ಮುಚ್ಚಿದರೆ ಕಳ್ಳತನವೆಂದೇ ಲೆಕ್ಕ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಗಾದೆ ಯಾರಿಗೆ ಗೊತ್ತಿಲ್ಲ? ಆದರೆ ಬೆಕ್ಕುಗಳ ಲೋಕದಲ್ಲಿ ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಬೆದರಿಕೆ, ಕಣ್ಣು ಮುಚ್ಚುವುದು ನಂಬಿಕೆ. 2020ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ಮತ್ತು ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯಗಳ ಸಂಶೋಧಕರು ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ಸಾಕಿದವರು ನಿಧಾನವಾಗಿ ಕಣ್ಣು ಪಿಳುಕಿಸಿದಾಗ ಬೆಕ್ಕುಗಳು ತಾವೂ ಕಣ್ಣು ಕಿರಿದು ಮಾಡಿದವು. ಅಪರಿಚಿತರು ಹಾಗೆ ಮಾಡಿ ಕೈ ಚಾಚಿದಾಗಲೂ, ಸುಮ್ಮನೆ ಮುಖವಿಟ್ಟುಕೊಂಡು ಕೈ ಚಾಚಿದವರಿಗಿಂತ ಹೆಚ್ಚಾಗಿ ಅವರ ಹತ್ತಿರ ಬಂದವು. ನಾನೂ ದಿನಾ ರಾತ್ರಿ ಗುಂಡನ ಜೊತೆ ಈ ಆಟ ಆಡುತ್ತಿದ್ದೆ. ಮೂರಡಿ ದೂರದಲ್ಲಿ ಕೂತು, ನಿದ್ದೆ ಬಂದವನ ಹಾಗೆ ರೆಪ್ಪೆ ಇಳಿಸಿ, ಒಂದು ಕ್ಷಣ ಮುಚ್ಚಿ, ತೆರೆಯುವುದು. ಅವನು ಎರಡು ಮೂರು ಅರ್ಧರ್ಧ ಪಿಳುಕಿ, ಆಮೇಲೆ ಪೂರ್ತಿ ಮುಚ್ಚಿ, ಮತ್ತೆ ತೆರೆಯುತ್ತಿದ್ದ.

ಹಾಗಾಗಿಯೇ ಆ ಜನವರಿ 15ರ ಬೆಳಿಗ್ಗೆ ಅವನ ಅರೆಗಣ್ಣು ಕಂಡಾಗ ನನಗೆ ಅನುಮಾನವೇ ಬರಲಿಲ್ಲ. ಅನುಮಾನ ಬಂದದ್ದು ನನ್ನ ಹೆಂಡತಿಗೆ.

'ರೀ, ಇವನು ಬೆಳಿಗ್ಗೆಯಿಂದ ಐದಾರು ಸಲ ಟ್ರೇಗೆ ಹೋಗಿ ಬಂದ. ಮರಳು ಒದ್ದೆಯೇ ಆಗಿಲ್ಲ, ನೋಡಿ.'

'ಮಲಬದ್ಧತೆ ಇರಬೇಕು ಬಿಡು. ನಿನ್ನೆ ಗದ್ದಲಕ್ಕೆ ಹೆದರಿ ನೀರೂ ಕುಡಿದಿಲ್ಲ.'

'ಹೆದರಿದಾಗ ಇವನ ಕಣ್ಣು ಬಟ್ಟಲಾಗುತ್ತೆ. ಇವತ್ತು ಕಣ್ಣು ಬಿಡ್ತಾನೇ ಇಲ್ಲವಲ್ಲ?'

ಆ ಒಂದು ಮಾತಿನಲ್ಲಿ ಎಲ್ಲ ಇತ್ತು. ಭಯಪಟ್ಟ ಬೆಕ್ಕಿನ ಕಣ್ಣು ಅಗಲವಾಗುತ್ತದೆ, ಪಾಪೆ ದೊಡ್ಡದಾಗುತ್ತದೆ. ನೋವಿನಲ್ಲಿರುವ ಬೆಕ್ಕಿನ ಕಣ್ಣು ಕಿರಿದಾಗುತ್ತದೆ. ಹಾಗೆ ಕಿರಿದಾದ ಕಣ್ಣನ್ನು ನಾನು ಪ್ರೀತಿ ಎಂದು ಓದಿದ್ದೆ.

ಹಬ್ಬದ ರಜೆಯಲ್ಲಿ ತೆರೆದಿದ್ದ ಪಶುವೈದ್ಯರೊಬ್ಬರು ಸಿಕ್ಕಾಗ ಸಂಜೆ ನಾಲ್ಕು ಗಂಟೆ. ಅವರು ಗುಂಡನ ಕೆಳಹೊಟ್ಟೆಯನ್ನು ಮೆಲ್ಲಗೆ ಹಿಡಿದು ನೋಡಿ, 'ಮೂತ್ರ ಕಟ್ಟಿದೆ, ಚೀಲ ಮೂಸಂಬಿಯಷ್ಟು ಗಟ್ಟಿಯಾಗಿದೆ' ಎಂದರು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಸಣ್ಣ ಹರಳುಗಳೋ ಲೋಳೆಯೋ ಸೇರಿ ಅಲ್ಲಿ ಬಿರಡೆಯಂತೆ ಕೂತರೆ ಮೂತ್ರ ಹೊರಗೆ ಬರುವುದಿಲ್ಲ. ಹೊರಗೆ ಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲೇ ಏರಿ ಹೃದಯದ ಬಡಿತ ಕೆಡಿಸುತ್ತದೆ. ಎರಡು ಮೂರು ದಿನ ಬಿಟ್ಟರೆ ಬೆಕ್ಕು ಉಳಿಯುವುದಿಲ್ಲ. ಮತ್ತು ಹತ್ತಿಸಿ, ತೆಳ್ಳನೆ ನಳಿಕೆ ಹಾಕಿ, ಡ್ರಿಪ್ ಕೊಟ್ಟು ಎರಡು ರಾತ್ರಿ ಇಟ್ಟುಕೊಂಡರು. ಗುಂಡ ಉಳಿದ.

ಮನೆಗೆ ಬಂದ ಮೇಲೆ ಅಕ್ಕನಿಗೆ ಕಳಿಸಿದ್ದ ಆ ಫೋಟೋವನ್ನು ಮತ್ತೆ ತೆರೆದೆ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು 2019ರಲ್ಲಿ ಬೆಕ್ಕಿನ ಮುಖದಿಂದ ತೀವ್ರ ನೋವನ್ನು ಅಳೆಯುವ ಕ್ರಮವೊಂದನ್ನು ಪ್ರಕಟಿಸಿದ್ದಾರೆ. ಕಿವಿ, ಕಣ್ಣು, ಮೂತಿ, ಮೀಸೆ, ತಲೆಯ ಎತ್ತರ, ಹೀಗೆ ಐದು ಅಂಶ. ಒಂದೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ, ಒಟ್ಟು 10. ನಾಲ್ಕೋ ಅದಕ್ಕಿಂತ ಹೆಚ್ಚೋ ಬಂದರೆ ನೋವಿನ ಔಷಧಿ ಬೇಕಾಗಿರಬಹುದು ಎಂದರ್ಥ.

ಫೋಟೋದಲ್ಲಿ ಗುಂಡನ ಕಿವಿಗಳು ಒಂದರಿಂದೊಂದು ದೂರವಾಗಿ ಪಕ್ಕಕ್ಕೆ ಸರಿದಿದ್ದವು. ವಡೋದರಾದ ಗೋಡೆಯ ಮೇಲೆ ನಾನೇ ಕಲಿತ ಅಳುಕಿನ ಕಿವಿ ಅದು: ಒಂದು ಅಂಕ. ಕಣ್ಣು ಹಿಂಡಿದಂತೆ ಕಿರಿದು: ಎರಡು. ದುಂಡಗಿರಬೇಕಾದ ಮೂತಿ ಸ್ವಲ್ಪ ಬಿಗಿದಿತ್ತು: ಒಂದು. ಸಡಿಲವಾಗಿ ಬಾಗಿರಬೇಕಾದ ಮೀಸೆ ನೆಟ್ಟಗಾಗಿತ್ತು: ಒಂದು. ತಲೆ ಭುಜಕ್ಕಿಂತ ಕೆಳಗೆ ಜೋತಿತ್ತು: ಎರಡು. ಒಟ್ಟು ಏಳು. ಬಾಲವೋ, ಮೈಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ಎಲ್ಲವೂ ಕಣ್ಣೆದುರಿಗೇ ಇತ್ತು. ನಾನು ಮಾತ್ರ ಇಡೀ ವಾಕ್ಯ ಬಿಟ್ಟು ಒಂದು ಪದ ಓದಿದ್ದೆ.

ಎರಡೂ ಅರೆಗಣ್ಣನ್ನು ಬೇರೆ ಮಾಡುವುದು ಹೇಗೆ? ಒಂದು ಸುಲಭದ ಗುರುತಿದೆ. ನಂಬಿಕೆಯ ಪಿಳುಕು ಒಂದು ಚಲನೆ. ಕಣ್ಣು ಮುಚ್ಚುತ್ತದೆ, ತೆರೆಯುತ್ತದೆ, ನೀವು ಉತ್ತರ ಕೊಟ್ಟರೆ ಮತ್ತೆ ಆಗುತ್ತದೆ. ನೋವಿನ ಕಿರಿಗಣ್ಣು ಹಾಗೆಯೇ ನಿಂತಿರುತ್ತದೆ. ನೀವು ಪಿಳುಕಿಸಿದರೂ, ಎದ್ದು ಹೋದರೂ, ತಟ್ಟೆ ಸದ್ದು ಮಾಡಿದರೂ ಬದಲಾಗುವುದಿಲ್ಲ. ಅರ್ಧ ನಿಮಿಷ ಸುಮ್ಮನೆ ನೋಡಿ, ಜೊತೆಗೆ ಕಿವಿ ಮುಂದಿದೆಯೇ, ತಲೆ ಮೇಲಿದೆಯೇ ನೋಡಿ. ಒಂದೇ ಕಣ್ಣು ಕಿರಿದಾಗಿದ್ದರೆ ಅದು ಮನಸ್ಸಿನ ಮಾತಲ್ಲ, ಆ ಕಣ್ಣಿಗೇ ಗಾಯವೋ ಸೋಂಕೋ ಆಗಿರಬಹುದು. ಅಂದೇ ವೈದ್ಯರಿಗೆ ತೋರಿಸಿ.

ಈ ಲೆಕ್ಕಕ್ಕೂ ಮಿತಿ ಇದೆ. ನಿದ್ದೆ ಮಾಡುವ, ತಿನ್ನುವ, ಮೈ ನೆಕ್ಕಿಕೊಳ್ಳುವ, ಕೂಗುವ ಬೆಕ್ಕಿಗೆ ಅಂಕ ಹಾಕಬಾರದು, ಆಗ ಮುಖ ಹೇಗೂ ಬದಲಾಗಿರುತ್ತದೆ. ನಗರಗಳ ಫ್ಲ್ಯಾಟುಗಳಲ್ಲಿ ಈಗ ಹೆಚ್ಚು ಕಾಣುವ ಚಪ್ಪಟೆ ಮೂತಿಯ ಪರ್ಷಿಯನ್ ಬೆಕ್ಕಿನ ಮುಖ ಓದುವುದೂ ಕಷ್ಟ. ಎಷ್ಟೋ ಬೆಕ್ಕುಗಳು ನೋವನ್ನು ಮುಖದಲ್ಲಿ ತೋರಿಸದೆ ಬಚ್ಚಿಡುತ್ತವೆ. ಅಂಕ ಎರಡೇ ಬಂದರೂ ಟ್ರೇಗೆ ಮತ್ತೆ ಮತ್ತೆ ಹೋಗಿ ತಿಣುಕಿ ಬರಿಗೈಲಿ ವಾಪಸಾಗುವ ಗಂಡು ಬೆಕ್ಕು ನಾಳೆಯವರೆಗೆ ಕಾಯುವಂಥದ್ದಲ್ಲ.

ಗುಂಡನಿಗೆ ಈಗ ಒಣ ಆಹಾರ ಕಡಿಮೆ, ಮನೆಯಲ್ಲಿ ನೀರಿನ ಬಟ್ಟಲು ಮೂರು. ಉತ್ತರಾಯಣಕ್ಕೆ ಹಿಂದಿನ ದಿನವೇ ಅವನ ಟ್ರೇ ಒಳಕೋಣೆಗೆ ಹೋಗುತ್ತದೆ. ರಾತ್ರಿ ಕಣ್ಣು ಪಿಳುಕಿಸುವ ಆಟ ಇನ್ನೂ ಇದೆ. ಅವನು ಮುಚ್ಚಿದಾಗ ಸಂತೋಷವಾಗುತ್ತದೆ. ಆದರೆ ನಾನು ಕಾಯುವುದು ಅವನು ಮತ್ತೆ ಕಣ್ಣು ತೆರೆಯುವುದನ್ನು.